ಒಂದೇ ಆರ್ಡರ್ ಮೂರು ಕಡೆ ಟೈಪ್ ಮಾಡುವುದು ಇಆರ್‌ಪಿಯಲ್ಲಿ ಹೇಗೆ ತಪ್ಪುತ್ತದೆ?

ಪ್ರಶ್ನೆ: ಸರ್, ನಮ್ಮದು ವಾಲ್ವ್ ಮತ್ತು ಪೈಪ್ ಫಿಟ್ಟಿಂಗ್ ಹೋಲ್‌ಸೇಲ್ ವ್ಯಾಪಾರ. ಸೇಲ್ಸ್‌ನವರು ಆರ್ಡರ್ ಎಕ್ಸೆಲ್‌ನಲ್ಲಿ ಹಾಕ್ತಾರೆ, ಸ್ಟೋರ್ಸ್‌ನವರು ಡೆಲಿವರಿ ಚಲನ್, ಅಂದ್ರೆ ಡಿಸಿ ಬುಕ್‌ನಲ್ಲಿ ಬರೀತಾರೆ, ಅಕೌಂಟ್ಸ್‌ನವರು ಅದನ್ನೇ ಮತ್ತೆ ಟ್ಯಾಲಿಯಲ್ಲಿ ಬಿಲ್ ಮಾಡ್ತಾರೆ. ತಿಂಗಳ ಕೊನೆಗೆ ಮೂರೂ ತಾಳೆ ಆಗಲ್ಲ. ಸೇಲ್ಸ್, ಸ್ಟೋರ್ಸ್, ಅಕೌಂಟ್ಸ್ ಎಲ್ಲ ಒಂದೇ ಕಡೆ ನಡೆಸೋ ಇಆರ್‌ಪಿ ಸಾಫ್ಟ್‌ವೇರ್ ಮಾರೋರು "ಡೇಟಾಬೇಸ್ ಒಂದೇ ಆದ್ರೆ ಎರಡೆರಡು ಸಲ ಎಂಟ್ರಿ ಇರಲ್ಲ" ಅಂತಾರೆ. ಆಮೇಲೂ ಮೂರು ಜನ ಕಂಪ್ಯೂಟರ್ ಮುಂದೆ ಕೂತೇ ಇರ್ತಾರಲ್ವಾ? ಹಾಗಾದ್ರೆ ಕಮ್ಮಿ ಆಗೋದೇನು?

ಉತ್ತರ: ಮೂರು ಜನ ಕೂತೇ ಇರುತ್ತಾರೆ, ನಿಜ. ಕಮ್ಮಿ ಆಗುವುದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆಯುವ ಕೆಲಸ. ಅದು ಎಷ್ಟಿದೆ ಅಂತ ಗೊತ್ತಾಗಬೇಕಾದರೆ ಒಂದೇ ಒಂದು ಆರ್ಡರ್ ಹಿಡಿದುಕೊಂಡು ಅದರ ಹಿಂದೆ ಹೋಗೋಣ.

ದಾವಣಗೆರೆಯ ಒಂದು ಅಂಗಡಿಯವರು ನಿಮಗೆ 40 ಗೇಟ್ ವಾಲ್ವ್ ಬೇಕು ಅಂತ ವಾಟ್ಸಾಪ್ ಮಾಡಿದ್ದಾರೆ ಅಂದುಕೊಳ್ಳಿ. ಸೈಜು ಎರಡು ಇಂಚು, ರೇಟು 850 ರೂಪಾಯಿ. ನಿಮ್ಮ ಗೋಡೌನ್‌ನಲ್ಲಿ ಇರುವುದು 32 ಮಾತ್ರ. ಸರಿ, ಇದ್ದದ್ದು ಕಳಿಸಿ, ಉಳಿದ 8 ಆಮೇಲೆ ಕೊಡೋಣ ಅಂತ ಮಾತಾಯಿತು. ದಿನಾ ನಡೆಯುವ ವ್ಯವಹಾರವೇ ಇದು.

ಈಗ ಮೂರು ಟೇಬಲ್‌ನಲ್ಲೂ ಒಂದೇ ಪ್ರಶ್ನೆ ಕೇಳಿ: ಈ ಟೇಬಲ್‌ನಲ್ಲಿ ಹೊಸದಾಗಿ ಹುಟ್ಟಿದ ಮಾಹಿತಿ ಯಾವುದು?

ಸೇಲ್ಸ್ ಟೇಬಲ್‌ನಲ್ಲಿ ಜಾಸ್ತಿ ಇದೆ. ಯಾರು ಕೇಳಿದರು, ಯಾವ ಮಾಲು, ಎಷ್ಟು, ಯಾವ ರೇಟಿಗೆ ಒಪ್ಪಿದರು, ಯಾವಾಗ ಬೇಕು. ಸ್ಟೋರ್ಸ್‌ನಲ್ಲಿ ಹುಟ್ಟುವುದು ಮುಖ್ಯವಾಗಿ ಒಂದು ಸಂಖ್ಯೆ: ನಿಜವಾಗಿ ಗಾಡಿಗೆ ಹತ್ತಿದ್ದು 32. ಜೊತೆಗೆ ಯಾವ ಗೋಡೌನಿನಿಂದ, ಯಾವ ಗಾಡಿಯಲ್ಲಿ ಅನ್ನುವುದು. ಅಕೌಂಟ್ಸ್‌ಗೆ ಬಂದರೆ, ಬಿಲ್ ಮಾಡುವ ಹೊತ್ತಿಗೆ ಅಲ್ಲಿ ಹೊಸದು ಅಂತ ಹೆಚ್ಚುಕಮ್ಮಿ ಏನೂ ಇಲ್ಲ. ಪಾರ್ಟಿ ಹೆಸರು ಆರ್ಡರಿನಲ್ಲಿದೆ, ಎಷ್ಟು ಅನ್ನುವುದು ಡಿಸಿಯಲ್ಲಿದೆ, ರೇಟು ಎಕ್ಸೆಲ್‌ನಲ್ಲಿದೆ, ಜಿಎಸ್‌ಟಿ ಎಷ್ಟು ಅನ್ನುವುದು ಮಾಲು ಯಾವ ವರ್ಗದ್ದು ಅಂತ ಹೇಳುವ ಎಚ್‌ಎಸ್‌ಎನ್ ಕೋಡ್‌ನಿಂದ ತಿಳಿಯುತ್ತದೆ. ಅಕೌಂಟೆಂಟ್ ತಾನೇ ಹೇಳಬೇಕಾದ ಮಾತು ಬರುವುದು ಆಮೇಲೆ, ದುಡ್ಡು ಬಂದಾಗ. ಎಷ್ಟು ಬಂತು, ಯಾವ ಬ್ಯಾಂಕಿಗೆ ಬಂತು, ಯಾವ ಬಿಲ್ಲಿಗೆ ಹಾಕಬೇಕು. ಅದಕ್ಕೆ ಮುಂಚೆ ಅವರು ಟೈಪ್ ಮಾಡುತ್ತಿರುವುದೆಲ್ಲ ಬರೀ ನಕಲು.

ಈ ನಕಲಿನಲ್ಲಿ ತಪ್ಪು ಹೇಗೆ ಒಳಗೆ ಬರುತ್ತದೆ ಅಂತ ನೋಡಿ. ನಿಮ್ಮ ಸೇಲ್ಸ್ ಹುಡುಗ ಎಕ್ಸೆಲ್‌ನಲ್ಲಿ "ಗೇಟ್ ವಾಲ್ವ್ 2 ಇಂಚು" ಅಂತ ಹಾಕಿರುತ್ತಾನೆ, ಯಾಕೆಂದರೆ ಗಿರಾಕಿ ಹಾಗೇ ಕೇಳಿದ್ದು. ಸ್ಟೋರ್ಸ್‌ನವರು ಡಿಸಿಯಲ್ಲಿ "50 ಎಂಎಂ ಜಿವಿ" ಅಂತ ಬರೆಯುತ್ತಾರೆ, ಯಾಕೆಂದರೆ ಡಬ್ಬದ ಮೇಲೆ ಹಾಗಿದೆ. ಟ್ಯಾಲಿಯಲ್ಲಿ ಯಾವತ್ತೋ "ಬ್ರಾಸ್ ಗೇಟ್ ವಾಲ್ವ್ 50" ಅಂತ ಐಟಂ ಮಾಡಿಟ್ಟಿದ್ದಾರೆ. ಮೂರೂ ಒಂದೇ ಮಾಲು ಅಂತ ಗೊತ್ತಿರುವುದು ನಿಮ್ಮ ಅಕೌಂಟೆಂಟ್ ತಲೆಗೆ ಮಾತ್ರ. ಅವರು ರಜಾ ಹಾಕಿದ ದಿನ ಬೇರೆಯವರು ಬಿಲ್ ಮಾಡಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತಿರಬೇಕು.

ಇನ್ನೊಂದು ಕಷ್ಟ. ಡಿಸಿ ಬುಕ್‌ನಲ್ಲಿ ರೇಟು ಇರುವುದಿಲ್ಲ. ಹಾಗಾಗಿ ಅಕೌಂಟೆಂಟ್ ರೇಟಿಗೆ ಎಕ್ಸೆಲ್ ತೆರೆಯಬೇಕು, ಸಂಖ್ಯೆಗೆ ಡಿಸಿ ನೋಡಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ಮಾಲು ಹೊರಡುವ ಹೊತ್ತಿಗೆ ಬಿಲ್ ಆಗಿರಬೇಕು. ಗೇಟಿನಲ್ಲಿ ಗಾಡಿ ನಿಂತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಆ ಅವಸರದಲ್ಲಿ ಅಕೌಂಟೆಂಟ್ ರೇಟಿನ ಜೊತೆ ಸಂಖ್ಯೆಯನ್ನೂ ಎಕ್ಸೆಲ್‌ನಿಂದಲೇ ಎತ್ತಿಕೊಂಡರೆ? ಬಿಲ್ 40ಕ್ಕೆ ಆಯಿತು. 34,000 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 40,120. ಹೋದದ್ದು 32, ಅಂದರೆ ಆಗಬೇಕಿದ್ದ ಬಿಲ್ 32,096.

ಈಗ ನಿಮ್ಮ ಮೂರು ಪುಸ್ತಕ ಮೂರು ಮಾತು ಹೇಳುತ್ತವೆ. ಸ್ಟೋರ್ಸ್ ರಿಜಿಸ್ಟರ್ ಪ್ರಕಾರ ವಾಲ್ವ್ ಖಾಲಿ, ಸೊನ್ನೆ. ಟ್ಯಾಲಿ ಪ್ರಕಾರ ಸ್ಟಾಕ್ ಮೈನಸ್ 8. ಎಕ್ಸೆಲ್ ಪ್ರಕಾರ ಆರ್ಡರ್ ಇನ್ನೂ ಹಾಗೇ ಇದೆ, ಯಾಕೆಂದರೆ "ಹೋಯಿತು" ಅಂತ ಯಾರೂ ಮಾರ್ಕ್ ಮಾಡಿಲ್ಲ. ಪಾರ್ಟಿ 32,096 ಮಾತ್ರ ಕಳಿಸುತ್ತಾರೆ. ಉಳಿದ 8,024 ಯಾಕೆ ಬಾಕಿ ಅಂತ ಹುಡುಕಿ, ಫೋನ್ ಮಾಡಿ, ಕ್ರೆಡಿಟ್ ನೋಟ್ ಹಾಕುವ ಹೊತ್ತಿಗೆ ಎರಡು ತಿಂಗಳಾಗಿರುತ್ತದೆ. ನೀವು ಹೇಳುವ "ತಾಳೆ ಆಗಲ್ಲ" ಅನ್ನುವುದು ಹೆಚ್ಚಿನ ಸಲ ಇಂಥ ಹತ್ತಿಪ್ಪತ್ತು ಸಣ್ಣ ಘಟನೆಗಳ ಮೊತ್ತ.

ಇದೇ ಆರ್ಡರ್ ಒಂದೇ ಡೇಟಾಬೇಸ್ ಇರುವ ಇಆರ್‌ಪಿಯಲ್ಲಿ ಹೇಗೆ ನಡೆಯುತ್ತದೆ ನೋಡೋಣ. ಮಾತಿಗೊಂದು ಸಾಫ್ಟ್‌ವೇರ್ ಬೇಕಲ್ಲ, ಇಆರ್‌ಪಿನೆಕ್ಸ್ಟ್ ಇಟ್ಟುಕೊಳ್ಳುತ್ತೇನೆ. ನಮ್ಮ ದೇಶದಲ್ಲೇ ಮಾಡಿದ್ದು, ಓಪನ್ ಸೋರ್ಸ್, ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದು. ಬೇರೆ ಇಆರ್‌ಪಿಗಳಲ್ಲಿ ಬಟನ್ನಿನ ಹೆಸರು ಬೇರೆ ಇರಬಹುದು, ದಾರಿ ಇದೇ.

ಮೊದಲು ಮಾಸ್ಟರ್. ಆ ವಾಲ್ವ್‌ಗೆ ಇಡೀ ಕಂಪನಿಯಲ್ಲಿ ಒಂದೇ ಸಾಲು, ಒಂದೇ ಕೋಡ್. GV-50 ಅಂತಿಟ್ಟುಕೊಳ್ಳಿ. ಎಚ್‌ಎಸ್‌ಎನ್ ಕೋಡ್, ಟ್ಯಾಕ್ಸ್ ದರ, ಅಳತೆ ಎಲ್ಲ ಆ ಸಾಲಿನಲ್ಲೇ. ಪಾರ್ಟಿಗೂ ಹಾಗೇ ಒಂದು ಸಾಲು: ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಎಷ್ಟು ದಿನದ ಉದ್ದರಿ. ಸೇಲ್ಸ್ ಹುಡುಗ "2 ಇಂಚು" ಅಂತ ಹುಡುಕಿದರೂ, ಸ್ಟೋರ್ಸ್‌ನವರು "50" ಅಂತ ಹುಡುಕಿದರೂ ಸಿಗುವುದು ಅದೇ ಸಾಲು. ಅದಕ್ಕೆ ಐಟಂ ಹೆಸರಿನಲ್ಲೋ ವಿವರಣೆಯಲ್ಲೋ ಎರಡೂ ಹೆಸರು ಬರೆದಿರಬೇಕು, ಅಷ್ಟೆ.

ಸೇಲ್ಸ್ ಆರ್ಡರ್ ಹಾಕಿದ. ಅದು SO-0231 ಆಯಿತು. ಸ್ಟೋರ್ಸ್‌ನವರು ಹೊಸ ಪುಸ್ತಕ ತೆರೆಯುವುದಿಲ್ಲ. ಅದೇ ಆರ್ಡರ್ ತೆರೆದು `Create` ಒತ್ತಿ `Delivery Note` ಆರಿಸುತ್ತಾರೆ. ಪಾರ್ಟಿ, ವಿಳಾಸ, ಐಟಂ, 40 ಅನ್ನುವ ಸಂಖ್ಯೆ, ಎಲ್ಲ ತುಂಬಿಕೊಂಡೇ ಬರುತ್ತದೆ. ಅವರು 40 ಅಳಿಸಿ 32 ಹಾಕುತ್ತಾರೆ, ಗಾಡಿ ನಂಬರ್ ಹಾಕುತ್ತಾರೆ, `Submit` ಒತ್ತುತ್ತಾರೆ. ಅವರು ಟೈಪ್ ಮಾಡಿದ್ದು ಅವರಿಗೆ ಮಾತ್ರ ಗೊತ್ತಿದ್ದ ವಿಷಯ. ಅಕೌಂಟೆಂಟ್ ಆ ಡೆಲಿವರಿ ನೋಟ್ ತೆರೆದು `Create`, `Sales Invoice` ಅಂದರೆ 32 ಮತ್ತು 850 ಎರಡೂ ಬಂದು ಕೂತಿರುತ್ತವೆ. ನೋಡಿ, ಸರಿ ಇದ್ದರೆ `Submit`. ಟೈಪ್ ಮಾಡುವುದಕ್ಕೇ ಏನೂ ಉಳಿದಿಲ್ಲ. ಗಾಡಿ ಗೇಟಿನಲ್ಲಿ ಕಾಯುವ ಹೊತ್ತು ಎರಡು ನಿಮಿಷ.

ಒಳಗೆ ಈ ಮೂರು ಕಾಗದ ಹೀಗೆ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ:

```
SO-0231/1   item GV-50        qty 40   rate 850
DN-0412/1   from SO-0231/1    qty 32
SI-0398/1   from DN-0412/1    qty 32
```

ಎರಡನೇ ಸಾಲಿನಲ್ಲಿರುವ `from SO-0231/1` ಅನ್ನುವುದೇ ಇಡೀ ವಿಷಯದ ಜೀವಾಳ. ಈ 32 ಯಾವ 40ಕ್ಕೆ ಸೇರಿದ್ದು ಅಂತ ಮನುಷ್ಯ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಸಾಲೇ ಹೇಳುತ್ತದೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಈ ಕೊಂಡಿ ಇರುವ ಫೀಲ್ಡಿನ ಹೆಸರು ಡೆಲಿವರಿ ನೋಟಿನಲ್ಲಿ `so_detail`, ಇನ್‌ವಾಯ್ಸ್‌ನಲ್ಲಿ `dn_detail`. ಹೀಗಿರುವುದರಿಂದ "ಇನ್ನೂ ಎಷ್ಟು ಕೊಡಬೇಕು" ಅನ್ನುವ ಪಟ್ಟಿಯನ್ನು ಯಾರೂ ಬರೆಯುವುದಿಲ್ಲ. 40ರಿಂದ 32 ಕಳೆದರೆ 8. ಆರ್ಡರ್ ಮೇಲೆ ಡೆಲಿವರಿ 80 ಪರ್ಸೆಂಟ್, ಬಿಲ್ಲಿಂಗ್ 80 ಪರ್ಸೆಂಟ್ ಅಂತ ತಾನೇ ತೋರಿಸುತ್ತದೆ. ಹೊಸ ಮಾಲು ಬಂದ ದಿನ ಅದೇ ಆರ್ಡರಿನಿಂದ ಮತ್ತೆ `Delivery Note` ಅಂದರೆ ಈ ಸಲ 8 ತುಂಬಿಕೊಂಡು ಬರುತ್ತದೆ. ನಿಮ್ಮ ಎಕ್ಸೆಲ್ ಶೀಟಿಗೆ ಕೆಲಸವೇ ಇಲ್ಲ.

ಟೇಬಲ್‌ಗಳ ಒಳಗೆ ಇಣುಕಿದ ಸಾಫ್ಟ್‌ವೇರ್ ಹುಡುಗರು ಇಲ್ಲೊಂದು ತಕರಾರು ತೆಗೆಯುತ್ತಾರೆ. ಇನ್‌ವಾಯ್ಸ್ ಸಾಲಿನಲ್ಲೂ ಐಟಂ ಹೆಸರು, ರೇಟು ಮತ್ತೆ ಬರೆದಿದೆಯಲ್ಲ, ಇದು ನಕಲಲ್ಲವಾ ಅಂತ. ಹೌದು, ನಕಲೇ. ಆದರೆ ಬೇಕೆಂದೇ ಮಾಡಿದ ನಕಲು. ಪಾರ್ಟಿ ಮುಂದಿನ ತಿಂಗಳು ಅಂಗಡಿ ಬದಲಾಯಿಸಿದರೆ ಹೋದ ತಿಂಗಳ ಬಿಲ್ಲಿನ ವಿಳಾಸ ಬದಲಾಗಬಾರದು. ನಾಳೆ ರೇಟು 900 ಆದರೆ ಇವತ್ತಿನ ಬಿಲ್ 850 ಎಂದೇ ಇರಬೇಕು. ಅದಕ್ಕೇ ಆ ಕ್ಷಣದ ಚಿತ್ರವನ್ನು ಮೆಷಿನ್ ತಾನೇ ತೆಗೆದಿಡುತ್ತದೆ, ಮೂಲದ ಕೊಂಡಿಯನ್ನೂ ಉಳಿಸಿಕೊಳ್ಳುತ್ತದೆ. ತೊಂದರೆ ಇರುವುದು ಮನುಷ್ಯ ನೋಡಿ ಟೈಪ್ ಮಾಡುವ, ಕೊಂಡಿ ಇಲ್ಲದ ನಕಲಿನಲ್ಲಿ.

ಇಲ್ಲಿಯವರೆಗಿನದ್ದು ಕಣ್ಣಿಗೆ ಕಾಣುವ ಉಳಿತಾಯ. ಕಾಣದ ಉಳಿತಾಯ ಅಕೌಂಟ್ಸ್ ಲೆಡ್ಜರಿನಲ್ಲಿದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಆ ವಾಲ್ವ್ ನಿಮಗೆ ಬಿದ್ದ ಬೆಲೆ ಒಂದಕ್ಕೆ 610 ರೂಪಾಯಿ ಅಂತಿಟ್ಟುಕೊಳ್ಳಿ. ಸ್ಟೋರ್ಸ್‌ನವರು ಡೆಲಿವರಿ ನೋಟ್ `Submit` ಒತ್ತಿದ ಕೂಡಲೇ ಎರಡು ಕಡೆ ಬರಹ ಬೀಳುತ್ತದೆ. ಸ್ಟಾಕ್ ಲೆಡ್ಜರಿನಲ್ಲಿ ಮೈನಸ್ 32. ಅಕೌಂಟ್ಸ್ ಲೆಡ್ಜರಿನಲ್ಲಿ, ಮಾರಿದ ಮಾಲಿನ ಬೆಲೆಯ ಖಾತೆಗೆ 19,520 ಡೆಬಿಟ್, ಸ್ಟಾಕ್ ಖಾತೆಗೆ ಅಷ್ಟೇ ಕ್ರೆಡಿಟ್. ಆಮೇಲೆ ಬಿಲ್ `Submit` ಆದಾಗ ಪಾರ್ಟಿಗೆ 32,096 ಡೆಬಿಟ್, ಸೇಲ್ಸ್‌ಗೆ 27,200 ಕ್ರೆಡಿಟ್, ಸಿಜಿಎಸ್‌ಟಿ 2,448, ಎಸ್‌ಜಿಎಸ್‌ಟಿ 2,448. ಡೆಬಿಟ್ ಕ್ರೆಡಿಟ್ ಏನೂ ಗೊತ್ತಿಲ್ಲದ ಸ್ಟೋರ್ ಕೀಪರ್ ಒಬ್ಬರು ಬಟನ್ ಒತ್ತಿ ಜರ್ನಲ್ ಎಂಟ್ರಿ ಹಾಕಿದಂತಾಯಿತು.

ಮೆಷಿನ್‌ಗೆ ಯಾವ ಖಾತೆ ಅಂತ ಹೇಳಿಕೊಟ್ಟವರು ಯಾರು? ನಿಮ್ಮ ಅಕೌಂಟೆಂಟ್, ಶುರುವಿನಲ್ಲಿ, ಒಂದೇ ಸಲ. ಈ ಗೋಡೌನಿನ ಸ್ಟಾಕ್ ಯಾವ ಖಾತೆಗೆ, ಈ ಗುಂಪಿನ ಮಾಲಿನ ಸೇಲ್ಸ್ ಯಾವ ಖಾತೆಗೆ, ರಾಜ್ಯದೊಳಗಿನ ಮಾರಾಟಕ್ಕೆ ಯಾವ ಟ್ಯಾಕ್ಸ್ ಟೆಂಪ್ಲೇಟ್, ಹೊರರಾಜ್ಯಕ್ಕೆ ಯಾವುದು. ಅಕೌಂಟೆಂಟ್ ಕೆಲಸ ಪ್ರತಿ ವೋಚರ್ ಟೈಪ್ ಮಾಡುವುದರಿಂದ ಈ ನಿಯಮ ಬರೆಯುವ ಕಡೆಗೆ ಜರುಗುತ್ತದೆ. ಸ್ಟಾಕ್ ಬದಲಾದಾಗಲೆಲ್ಲ ಅದರ ಬೆಲೆ ತಾನೇ ಲೆಡ್ಜರಿಗೆ ಬೀಳುವ ಈ ವ್ಯವಸ್ಥೆಯನ್ನು ಇಆರ್‌ಪಿನೆಕ್ಸ್ಟ್‌ನಲ್ಲಿ ಪರ್ಪೆಚುವಲ್ ಇನ್ವೆಂಟರಿ ಅನ್ನುತ್ತಾರೆ. ಕಂಪನಿ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಟ್ಟರೆ ಸ್ಟಾಕಿನ ಸಂಖ್ಯೆ ಮಾತ್ರ ಬದಲಾಗುತ್ತದೆ, ಅದರ ಬೆಲೆ ಲೆಡ್ಜರಿಗೆ ಹೋಗುವುದಿಲ್ಲ. ಆಗ ಸ್ಟೋರ್ಸ್‌ನಿಂದ ಲಿಸ್ಟ್ ತರಿಸಿಕೊಂಡು ಕ್ಲೋಸಿಂಗ್ ಸ್ಟಾಕ್ ಕೈಯಲ್ಲಿ ಹಾಕುವ ಹಳೆಯ ಪದ್ಧತಿ ಮತ್ತೆ ವಾಪಸ್. ಡೇಟಾಬೇಸ್ ಒಂದೇ ಇದ್ದರೂ ಡಬಲ್ ಕೆಲಸ ತಪ್ಪದಿರುವುದಕ್ಕೆ ಇದೊಂದು ಮಾಮೂಲಿ ಕಾರಣ.

"ಸರಿ, ನಮ್ಮ ಮೂರು ಸಾಫ್ಟ್‌ವೇರ್ ಹಾಗೇ ಇರಲಿ, ರಾತ್ರಿ ಒಂದು ಫೈಲ್ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದಕ್ಕೆ ಇಂಪೋರ್ಟ್ ಮಾಡಿದರೆ ಆಗಲ್ವಾ" ಅಂತ ತುಂಬಾ ಜನ ಕೇಳುತ್ತಾರೆ. ಟೈಪಿಂಗ್ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸ ಇದೆ. ಒಂದೇ ಡೇಟಾಬೇಸಿನಲ್ಲಿ ಸ್ಟಾಕಿನ ಬರಹ, ಲೆಡ್ಜರಿನ ಬರಹ, ಆರ್ಡರಿನ ಬಾಕಿ, ಎಲ್ಲ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹೋಗುತ್ತವೆ. ಸರಳ ಮಾಡಿ ಬರೆದರೆ ಹೀಗಿರುತ್ತದೆ:

```sql
START TRANSACTION;
INSERT INTO stock_ledger (item, qty, ref)
  VALUES ('GV-50', -32, 'DN-0412');
INSERT INTO gl_entry (account, debit, credit, ref) VALUES
  ('Cost of Goods Sold', 19520, 0, 'DN-0412'),
  ('Stock In Hand', 0, 19520, 'DN-0412');
UPDATE so_line SET delivered_qty = delivered_qty + 32
  WHERE id = 'SO-0231/1';
COMMIT;
```

ಮಧ್ಯದಲ್ಲಿ ಕರೆಂಟ್ ಹೋಯಿತು ಅನ್ನಿ. `COMMIT` ಆಗಿಲ್ಲದಿದ್ದರೆ ಮೇಲಿನ ಯಾವುದೂ ಆಗಿಲ್ಲ. ಆಗಿದ್ದರೆ ಎಲ್ಲವೂ ಆಗಿದೆ. ಸ್ಟಾಕ್ ಹೋಗಿ ಲೆಡ್ಜರ್ ಹಾಗೇ ಉಳಿಯುವ ಅರ್ಧಂಬರ್ಧ ಸ್ಥಿತಿ ಬರುವುದೇ ಇಲ್ಲ. ಎರಡು ಬೇರೆ ಡೇಟಾಬೇಸ್‌ಗಳ ನಡುವೆ ಫೈಲ್ ಓಡಾಡುವಾಗ ಈ ಗ್ಯಾರಂಟಿ ಇಲ್ಲ. 60 ಸಾಲಿನ ಫೈಲಿನಲ್ಲಿ 57 ಹೋಗಿ 3 ಐಟಂ ಹೆಸರು ಹೊಂದದೆ ನಿಂತುಬಿಡುತ್ತವೆ. ಆ ಮೂರನ್ನು ಬೆಳಿಗ್ಗೆ ಯಾರೋ ಕೈಯಲ್ಲಿ ಹಾಕುತ್ತಾರೆ, ಮಧ್ಯಾಹ್ನ ಇನ್ಯಾರೋ ಅದೇ ಫೈಲನ್ನು ಮತ್ತೆ ಇಂಪೋರ್ಟ್ ಮಾಡುತ್ತಾರೆ. ತಾಳೆ ನೋಡುವ ಕೆಲಸ ಹೋಗುವುದಿಲ್ಲ, ಜಾಗ ಬದಲಾಯಿಸುತ್ತದೆ. ಜೊತೆಗೆ ಹಗಲಿಡೀ ಸೇಲ್ಸ್‌ನವರು ನೋಡುವುದು ನಿನ್ನೆ ರಾತ್ರಿಯ ಸ್ಟಾಕ್. ಆ 32 ವಾಲ್ವನ್ನು ಇಬ್ಬರು ಸೇಲ್ಸ್‌ಮನ್‌ಗಳು ಇಬ್ಬರು ಪಾರ್ಟಿಗಳಿಗೆ ಮಾತು ಕೊಟ್ಟಿರುತ್ತಾರೆ.

ದೊಡ್ಡ ಕಂಪನಿಗಳಿಗೂ ಈ ಪಾಠ ಸುಲಭದಲ್ಲಿ ಬಂದಿಲ್ಲ. ಅಂಥವರಿಗೆ ಇಆರ್‌ಪಿ ಮಾಡಿಕೊಡುವ ಜರ್ಮನಿಯ ಎಸ್‌ಎಪಿ ಕಂಪನಿ ಶುರುವಾದದ್ದು 1972ರಲ್ಲಿ. ಅವರ ಹಳೆಯ ಆವೃತ್ತಿಗಳಲ್ಲಿ ಡೇಟಾಬೇಸ್ ಒಂದೇ ಇದ್ದರೂ ಫೈನಾನ್ಸ್ ಲೆಕ್ಕ ಮತ್ತು ಒಳಗಿನ ಕಾಸ್ಟ್ ಲೆಕ್ಕ ಬೇರೆ ಬೇರೆ ಟೇಬಲ್‌ಗಳಲ್ಲಿದ್ದವು, ಎರಡನ್ನೂ ಕೂಡಿಸಿ ತಾಳೆ ನೋಡುವುದೇ ತಿಂಗಳ ಕೊನೆಯ ಒಂದು ಕೆಲಸ. 2015ರಲ್ಲಿ ಬಂದ ಎಸ್/4ಹಾನಾದಲ್ಲಿ ಅವೆರಡನ್ನೂ `ACDOCA` ಅನ್ನುವ ಒಂದೇ ಟೇಬಲ್‌ಗೆ ತಂದರು. ಹಾಗಾಗಿ ಮಾರುವವರು "ಒಂದೇ ಡೇಟಾಬೇಸ್" ಅಂದಾಗ ಸರ್ವರ್ ಒಂದಾ ಅಂತ ಕೇಳಿ ಸುಮ್ನಾಗಬೇಡಿ. ಒಂದು ವಿಷಯಕ್ಕೆ ಒಂದೇ ಜಾಗ ಇದೆಯಾ ಅಂತ ಕೇಳಿ.

ಇನ್ನು, ಎಲ್ಲ ಸರಿ ಇದ್ದೂ ಇದು ಕೆಡುವುದು ಎಲ್ಲಿ?

ಮೊದಲನೆಯದು ಮಾಸ್ಟರ್. ಹಳೆಯ ಎಕ್ಸೆಲ್, ಹಳೆಯ ಟ್ಯಾಲಿ ಎರಡರ ಐಟಂ ಪಟ್ಟಿಯನ್ನೂ ಹಾಗೇ ಇಆರ್‌ಪಿಗೆ ಸುರಿದರೆ ಅದೇ ವಾಲ್ವ್‌ಗೆ ಎರಡು ಮೂರು ಕೋಡ್ ಬಂದು ಕೂರುತ್ತವೆ. ಆಮೇಲೆ ಆರ್ಡರ್ ಒಂದು ಕೋಡಿನಲ್ಲಿ, ಖರೀದಿ ಇನ್ನೊಂದರಲ್ಲಿ. ಒಂದರ ಸ್ಟಾಕ್ ಮೈನಸ್, ಇನ್ನೊಂದು ಮಾರಾಟವೇ ಆಗದೆ ಬಿದ್ದಿರುತ್ತದೆ. ಮೈನಸ್ ಮತ್ತು ಸತ್ತ ಸ್ಟಾಕ್ ಜೋಡಿಯಾಗಿ ಕಂಡರೆ ಕಾರಣ ಇದೇ ಇರುವ ಸಾಧ್ಯತೆ ಜಾಸ್ತಿ. ಪಾರ್ಟಿಗಳಲ್ಲಿ ಈ ದೋಷ ಹುಡುಕುವುದು ಸುಲಭ, ಜಿಎಸ್‌ಟಿ ನಂಬರ್ ಇದೆಯಲ್ಲ:

```sql
SELECT gstin, COUNT(*) FROM customer
WHERE gstin <> ''
GROUP BY gstin HAVING COUNT(*) > 1;
```

ಟೇಬಲ್ ಹೆಸರು ನಿಮ್ಮ ಸಾಫ್ಟ್‌ವೇರಿಗೆ ತಕ್ಕಂತೆ ಬದಲಾಗುತ್ತದೆ. ಇಲ್ಲಿ ಬಂದದ್ದೆಲ್ಲ ತಪ್ಪೇ ಅಂತಲ್ಲ. ಒಂದೇ ರಾಜ್ಯದಲ್ಲಿ ಎರಡು ಬ್ರ್ಯಾಂಚ್ ಇರುವ ಪಾರ್ಟಿಗೆ ಸಾಮಾನ್ಯವಾಗಿ ಒಂದೇ ನಂಬರ್ ಇರುತ್ತದೆ. ಆದರೆ ಅಂಥವರಿಗೂ ಪಾರ್ಟಿ ಒಂದೇ ಮಾಡಿ, ವಿಳಾಸ ಎರಡು ಇಡುವುದು ಒಳ್ಳೆಯದು. ಹೊಸ ಐಟಂ, ಹೊಸ ಪಾರ್ಟಿ ಸೃಷ್ಟಿ ಮಾಡುವ ಅಧಿಕಾರ ಒಬ್ಬರಿಗೇ ಕೊಡಿ. ಎಲ್ಲರಿಗೂ ಕೊಟ್ಟರೆ ವರ್ಷದೊಳಗೆ ಮತ್ತೆ ಮೂರು ಹೆಸರು ಆಗಿರುತ್ತದೆ.

ಎರಡನೆಯದು ಅಡ್ಡದಾರಿ, ಇದರಲ್ಲೇ ಅನಾಹುತ ಜಾಸ್ತಿ. ಇಆರ್‌ಪಿನೆಕ್ಸ್ಟ್ ಇನ್‌ವಾಯ್ಸ್‌ನಲ್ಲಿ `Update Stock` ಅಂತ ಒಂದು ಟಿಕ್ ಇದೆ. ಕೌಂಟರ್ ಸೇಲ್‌ಗೆ ಅಂತ ಕೊಟ್ಟಿರುವುದು, ಡೆಲಿವರಿ ನೋಟ್ ಇಲ್ಲದೆ ಬಿಲ್ಲಿನಿಂದಲೇ ಸ್ಟಾಕ್ ಕಳೆಯುತ್ತದೆ. ಈಗ ಅವಸರದಲ್ಲಿ ಅಕೌಂಟೆಂಟ್ ಆರ್ಡರಿಗೂ ಡೆಲಿವರಿ ನೋಟಿಗೂ ಕೊಂಡಿ ಹಾಕದೆ ಹೊಸದಾಗಿ ಇನ್‌ವಾಯ್ಸ್ ಟೈಪ್ ಮಾಡಿ ಆ ಟಿಕ್ ಹಾಕಿದರು. ಅತ್ತ ಸ್ಟೋರ್ಸ್‌ನವರು ತಮ್ಮ ಪಾಡಿಗೆ ಡೆಲಿವರಿ ನೋಟ್ ಮಾಡಿದರು. ಅಷ್ಟರಲ್ಲಿ ಹೊಸ ಮಾಲು ಬಂದು ಸಿಸ್ಟಂನಲ್ಲಿ ಸ್ಟಾಕ್ ಸಾಕಷ್ಟಿದ್ದರೆ ಯಾವ ಎರರೂ ಬರುವುದಿಲ್ಲ, 32 ಹೋದದ್ದು 64 ಆಯಿತು. ಆರ್ಡರ್ ಮೇಲೆ ಬಿಲ್ಲಿಂಗ್ ಇನ್ನೂ ಸೊನ್ನೆ ತೋರಿಸುತ್ತಿದೆ, ಹಾಗಾಗಿ ಮುಂದಿನ ವಾರ ಇನ್ಯಾರೋ ಡೆಲಿವರಿ ನೋಟಿನಿಂದ ಇನ್ನೊಂದು ಬಿಲ್ ಮಾಡುತ್ತಾರೆ. ಡೆಲಿವರಿ ನೋಟಿಗೆ ಕೊಂಡಿ ಇದ್ದಿದ್ದರೆ ಸಾಫ್ಟ್‌ವೇರ್ ತಾನೇ ತಡೆಯುತ್ತಿತ್ತು. ಕೊಂಡಿ ಇಲ್ಲದ ಕಾಗದಗಳು ಅದರ ಪಾಲಿಗೆ ಎರಡು ಬೇರೆ ಬೇರೆ ವ್ಯವಹಾರ.

ಇದಕ್ಕೆ ಮದ್ದು `Selling Settings` ಒಳಗಿದೆ. ಆರ್ಡರ್ ಇಲ್ಲದೆ ಡೆಲಿವರಿ ನೋಟ್ ಮತ್ತು ಇನ್‌ವಾಯ್ಸ್ ಬೇಡ, ಡೆಲಿವರಿ ನೋಟ್ ಇಲ್ಲದೆ ಇನ್‌ವಾಯ್ಸ್ ಬೇಡ ಅಂತ ಹೇಳುವ ಎರಡು ಆಯ್ಕೆಗಳಿವೆ. ಎರಡನ್ನೂ `Yes` ಮಾಡಿ. ಮೊದಲ ವಾರ ಗಲಾಟೆ ಆಗುತ್ತದೆ, "ಅರ್ಜೆಂಟ್ ಇತ್ತು ಸಾರ್" ಅಂತ ಬರುತ್ತಾರೆ. ನಿಜವಾಗಿ ಕೌಂಟರ್ ಸೇಲ್ ಇರುವ ಪಾರ್ಟಿಗೆ ಮಾತ್ರ ವಿನಾಯಿತಿ ಕೊಡಿ, ಆ ಸೌಲಭ್ಯ ಕಸ್ಟಮರ್ ಮಾಸ್ಟರ್‌ನಲ್ಲೇ ಇದೆ.

ಮೂರನೆಯದು ತಡ. ಒಂದು ಕಂಪನಿಯಲ್ಲಿ ನಾನು ನೋಡಿದ್ದು: ಸ್ಟೋರ್ಸ್‌ನವರು ದಿನವಿಡೀ ನೋಟ್‌ಬುಕ್‌ನಲ್ಲಿ ಬರೆದು ಸಂಜೆ ಆರಕ್ಕೆ ಎಲ್ಲ ಒಟ್ಟಿಗೆ ಇಆರ್‌ಪಿಗೆ ಹಾಕುತ್ತಿದ್ದರು. ಕಾರಣ ಕೇಳಿದರೆ ಗೋಡೌನ್‌ನಲ್ಲಿ ಕಂಪ್ಯೂಟರ್ ಇಲ್ಲ, ಆಫೀಸಿಗೆ ನಡೆದು ಬರಬೇಕು. ಬಿಲ್ ಆಗುವಾಗ ಸಿಸ್ಟಂನಲ್ಲಿ ಸ್ಟಾಕ್ ಸಾಲದೆ ಎರರ್ ಬರುತ್ತಿತ್ತು. ಅದರ ಕಾಟ ತಾಳಲಾರದೆ `Allow Negative Stock` ಟಿಕ್ ಮಾಡಿಬಿಟ್ಟಿದ್ದರು. ಎರರ್ ನಿಂತಿತು, ಅದರ ಜೊತೆ ನಂಬಿಕೆಯೂ ಹೋಯಿತು. ಮಾಲು ಬಂದದ್ದನ್ನು ಹಾಕುವ ಮುಂಚೆಯೇ ಹೋದದ್ದನ್ನು ಹಾಕಿದರೆ ಅದರ ಬೆಲೆ ಎಷ್ಟು ಅಂತ ಮೆಷಿನ್‌ಗೆ ಸರಿಯಾಗಿ ಗೊತ್ತಿರುವುದಿಲ್ಲ, ಹಾಗಾಗಿ ಲಾಭದ ಲೆಕ್ಕವೂ ಕೆಡುತ್ತದೆ. ನಿಮ್ಮಲ್ಲಿ ಹೀಗೆ ಆಗುತ್ತಿದೆಯಾ ಅಂತ ತಿಳಿಯಲು ಡೆಲಿವರಿ ನೋಟ್‌ಗಳ ಪಟ್ಟಿಯಲ್ಲಿ ದಾಖಲೆ ಸೃಷ್ಟಿಯಾದ ಸಮಯ ನೋಡಿ. ಎಲ್ಲವೂ ಸಂಜೆ ಅರ್ಧ ಗಂಟೆಯೊಳಗೆ ಗುಂಪಾಗಿದ್ದರೆ ಗೋಡೌನ್‌ನಲ್ಲಿ ಇನ್ನೊಂದು ಪುಸ್ತಕ ಓಡುತ್ತಿದೆ ಅಂತಲೇ ಅರ್ಥ. ಅಲ್ಲಿಗೆ ಒಂದು ಕಂಪ್ಯೂಟರ್ ಹಾಕಿಸುವುದು ಸಾಫ್ಟ್‌ವೇರ್ ಲೈಸೆನ್ಸಿಗಿಂತ ಅಗ್ಗ.

ಇಷ್ಟು ಹೇಳಿದ ಮೇಲೆ ನಿಮ್ಮ ಟ್ಯಾಲಿ ವಿಷಯ. ಇಆರ್‌ಪಿ ಕೊಳ್ಳುವ ಮುಂಚೆ ಇದನ್ನು ಯೋಚಿಸಿ. 1986ರಲ್ಲಿ ಶುರುವಾದ, ನಮ್ಮ ಬೆಂಗಳೂರಿನದೇ ಕಂಪನಿ ಮಾಡುವ ಈ ಸಾಫ್ಟ್‌ವೇರಿನಲ್ಲಿ ಸ್ಟಾಕ್ ಮತ್ತು ಅಕೌಂಟ್ಸ್ ಎರಡೂ ಒಂದೇ ಡೇಟಾದಲ್ಲಿ ಇರುತ್ತವೆ. ಸೇಲ್ಸ್ ಆರ್ಡರ್, ಡೆಲಿವರಿ ನೋಟ್ ವೋಚರ್‌ಗಳೂ ಇವೆ. ಆರ್ಡರ್ ನಂಬರ್, ಟ್ರ್ಯಾಕಿಂಗ್ ನಂಬರ್ ಮೂಲಕ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು. ನಿಮ್ಮಲ್ಲಿ ಅದನ್ನು ಅಕೌಂಟ್ಸ್‌ನವರು ಮಾತ್ರ, ಬಿಲ್‌ಗೆ ಮಾತ್ರ ಬಳಸುತ್ತಿದ್ದಾರೆ, ಅಲ್ವಾ? ಗೋಡೌನ್ ಒಂದೇ, ಜನ ಐದಾರೇ ಅನ್ನುವುದಾದರೆ ಬಹು ಬಳಕೆದಾರರ ಲೈಸೆನ್ಸ್ ತೆಗೆದುಕೊಂಡು ಮೂರೂ ಟೇಬಲ್ಲಿನವರನ್ನು ಅದರೊಳಗೇ ಕೂರಿಸಿದರೆ ನಿಮ್ಮ ಸಮಸ್ಯೆಯ ದೊಡ್ಡ ಪಾಲು ಅಲ್ಲೇ ಮುಗಿಯಬಹುದು. ಬೇರೆ ಬೇರೆ ಊರಿನಲ್ಲಿ ಗೋಡೌನ್, ಸೇಲ್ಸ್‌ಮನ್ ಮೊಬೈಲಿನಿಂದ ಆರ್ಡರ್, ಯಾರು ಯಾವ ಹಂತದಲ್ಲಿ ಒಪ್ಪಿಗೆ ಕೊಡಬೇಕು ಅನ್ನುವ ಕಟ್ಟುನಿಟ್ಟು, ಇವೆಲ್ಲ ಬೇಕಾದಾಗ ಇಆರ್‌ಪಿ ಕಡೆ ನೋಡಿ.

ಯಾವುದನ್ನು ತೆಗೆದುಕೊಂಡರೂ ನಿಮ್ಮ ಕಂಪನಿಯ ಗೋಡೆ ದಾಟಿದ ಮೇಲೆ ಡೇಟಾಬೇಸ್ ಬೇರೆ. ದಾವಣಗೆರೆಯವರ ವಾಟ್ಸಾಪ್ ಮೆಸೇಜನ್ನು ಒಂದು ಸಲ ಟೈಪ್ ಮಾಡಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟನ್ನು ತರಿಸಿ ಹೊಂದಿಸಲೇಬೇಕು. ಜಿಎಸ್‌ಟಿ ಪೋರ್ಟಲ್‌ಗೆ ಮಾಹಿತಿ ಹೋಗಲೇಬೇಕು. ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯ. ಅಂಥವರು ಬಿಲ್ ಮಾಡಿದ ಮೇಲೆ ಪೋರ್ಟಲ್ ತೆರೆದು ಅದೇ ವಿವರ ಮತ್ತೆ ಟೈಪ್ ಮಾಡುತ್ತಿದ್ದರೆ ಅದೂ ನಕಲೇ. ಸಾಫ್ಟ್‌ವೇರಿನಿಂದಲೇ ನೇರ ಕಳಿಸಿ, ಪೋರ್ಟಲ್ ಆ ಬಿಲ್ಲಿಗೆ ಕೊಡುವ ಐಆರ್‌ಎನ್ ನಂಬರ್ ವಾಪಸ್ ಬರುವ ಹಾಗೆ ಕೇಳಿ ಮಾಡಿಸಿಕೊಳ್ಳಿ.

ಡೆಮೋಗೆ ಬಂದವರಿಗೆ ಸ್ಲೈಡ್ ತೋರಿಸಲು ಬಿಡಬೇಡಿ. ಈ 40 ಮತ್ತು 32ರ ಲೆಕ್ಕವನ್ನೇ ಅವರ ಮುಂದಿಡಿ. ನಿಮ್ಮ ಸೇಲ್ಸ್, ಸ್ಟೋರ್ಸ್, ಅಕೌಂಟ್ಸ್ ಮೂವರನ್ನೂ ಕೂರಿಸಿ, ಅವರ ಕೈಯಲ್ಲೇ ಮಾಡಿಸಿ. ಯಾರಾದರೂ ಐಟಂ ಹೆಸರನ್ನೋ ಪಾರ್ಟಿ ಹೆಸರನ್ನೋ ಎರಡನೇ ಸಲ ಟೈಪ್ ಮಾಡಿದರೆ ಯಾಕೆ ಅಂತ ಕೇಳಿ. ಆಮೇಲೆ 32ರಲ್ಲಿ ಒಂದು ವಾಲ್ವ್ ಲೀಕ್ ಅಂತ ವಾಪಸ್ ಬಂತು ಅನ್ನಿ. ಒಂದೇ ರಿಟರ್ನ್ ಹಾಕಿದ ಮೇಲೆ ಸ್ಟಾಕ್ 1 ಆಗಬೇಕು, ಪಾರ್ಟಿ ಬಾಕಿ 32,096ರಿಂದ 31,093ಕ್ಕೆ ಇಳಿಯಬೇಕು, ಸ್ಟಾಕ್ ಖಾತೆಗೆ 610 ವಾಪಸ್ ಬರಬೇಕು. ಇದಕ್ಕಾಗಿ ಬೇರೆಯಾಗಿ ಜರ್ನಲ್ ಎಂಟ್ರಿ ಹಾಕಬೇಕು ಅಂತ ಅವರು ಹೇಳಿದರೆ, ಆ ಸ್ಟಾಕ್ ಮತ್ತು ಲೆಡ್ಜರ್ ನಡುವೆ ಕೊಂಡಿ ಎಲ್ಲಿ ತಪ್ಪಿದೆ ಅಂತ ಅಲ್ಲೇ ತೋರಿಸಿಕೊಡಲು ಹೇಳಿ.